ವಿಷಯದ ಸಾಲು ಬದಲಿಸುವ ಹೊತ್ತು

"ಮಾತು ಬೇರೆಡೆಗೆ ಹೊರಳಿದಾಗ ಹಳೆಯ ಇಮೇಲಿಗೇ ಉತ್ತರಿಸಬೇಕೇ, ಹೊಸದನ್ನು ಬರೆಯಬೇಕೇ?"

ಕೇಳುತ್ತಿರುವ ಕೆಲಸವಾಗಲಿ ಅದನ್ನು ಮಾಡಬೇಕಾದವರಾಗಲಿ ಬದಲಾದರೆ ಹೊಸದಾಗಿ ಬರೆಯುವುದೇ ಸರಿ. ನಮ್ಮ ಕಚೇರಿಯಲ್ಲಿ ಮುದ್ರಣದ ದರಪಟ್ಟಿಯ ಸರಣಿಯಲ್ಲೇ ಒಬ್ಬರು ಕಾಗದ ತಡವಾಗಿ ಬರುವ ಸಂಗತಿಯನ್ನು ತಿಳಿಸಿದ್ದರಿಂದ, "ದರಪಟ್ಟಿ" ಎಂಬ ಶೀರ್ಷಿಕೆ ಕಂಡ ಗೋದಾಮಿನವರು ಅದನ್ನು ತೆರೆಯಲೇ ಇಲ್ಲ. ಹಿಂದಿನ ಪತ್ರಗಳೂ ಬೇಕೆನಿಸಿದರೆ ಉತ್ತರಿಸುವಾಗಲೇ ವಿಷಯದ ಸಾಲನ್ನು "ಕಾಗದ ವಿಳಂಬ (ಹಿಂದೆ: ದರಪಟ್ಟಿ)" ಎಂದು ತಿದ್ದಬಹುದು, ಜಿಮೇಲ್ ಅದನ್ನು ಪ್ರತ್ಯೇಕ ಸಂಭಾಷಣೆಯಾಗಿ ತೋರಿಸುತ್ತದೆ.

ಉದ್ದನೆಯ ಸರಣಿಯನ್ನು ಮೂರನೆಯವರಿಗೆ ಫಾರ್ವರ್ಡ್ ಮಾಡುವಾಗ, ಏನು ತೀರ್ಮಾನವಾಯಿತು, ಯಾವುದು ಬಾಕಿಯಿದೆ, ಅವರಿಂದ ಯಾವ ದಿನದೊಳಗೆ ಏನು ಬೇಕು ಎಂಬುದನ್ನು ಮೇಲೆ ಮೂರು ಸಾಲಿನಲ್ಲಿ ಬರೆಯಬೇಕು ("ಕೆಳಗೆ ನೋಡಿ" ಎಂದಷ್ಟೇ ಬರೆಯುವವರ ಬಗ್ಗೆ ನನಗೆ ತಾಳ್ಮೆಯಿಲ್ಲ). ಕೊನೆಯ ಪತ್ರವನ್ನು ಮಾತ್ರ ಫಾರ್ವರ್ಡ್ ಮಾಡಿದರೆ ಹಿಂದಿನ ಪತ್ರಗಳ ಲಗತ್ತುಗಳು ಸಾಮಾನ್ಯವಾಗಿ ಜೊತೆಗೆ ಹೋಗುವುದಿಲ್ಲ. ಆದರೆ ತಳದಲ್ಲಿರುವ ಚೌಕಾಸಿಯ ಮಾತು ಅಳಿಸದಿದ್ದರೆ ಹಾಗೆಯೇ ಹೋಗುತ್ತದೆ.