‘ಬಂದ’ ಮತ್ತು ‘ಬಂದನಂತೆ’: ಟರ್ಕಿಶ್‌ನ ‘ಮಿಶ್’ ಇಂಗ್ಲಿಷಿಗೂ ಬರಬೇಕೇ?

ಟರ್ಕಿಶ್‌ನಲ್ಲಿ ‘ಅಹ್ಮೆತ್ ಬಂದ’ ಅನ್ನಲು ಎರಡು ರೂಪಗಳಿವೆ. ಒಂದು ‘ಅಹ್ಮೆತ್ ಗೆಲ್ದಿ’. ಇನ್ನೊಂದು ‘ಅಹ್ಮೆತ್ ಗೆಲ್ಮಿಶ್’. ಎರಡನೆಯದನ್ನು ಹೇಳುವವರು ಅವನು ಬರುವುದನ್ನು ನೋಡಿಲ್ಲ. ಯಾರೋ ಹೇಳಿದ್ದಾರೆ, ಇಲ್ಲವೇ ಬಾಗಿಲಲ್ಲಿ ಅವನ ಶೂ ಕಂಡು ಊಹಿಸಿದ್ದಾರೆ. ಹಿಂದೆ ನಡೆದ ಸಂಗತಿಯನ್ನು ಹೇಳುವಾಗ ಸಾಮಾನ್ಯವಾಗಿ ಇವೆರಡರಲ್ಲಿ ಒಂದನ್ನು ಆರಿಸಲೇಬೇಕು. ನಮ್ಮ ‘ಬಂದನಂತೆ’ ಇದಕ್ಕೆ ಹತ್ತಿರದ್ದೇ, ಆದರೆ ಪೂರ್ತಿ ಅದೇ ಅಲ್ಲ. ಶೂ ನೋಡಿ ಊಹಿಸಿದಾಗ ನಾವು ‘ಬಂದನಂತೆ’ ಅನ್ನುವುದಿಲ್ಲ, ‘ಬಂದ ಹಾಗಿದೆ’ ಅನ್ನುತ್ತೇವೆ. ಟರ್ಕಿಶ್‌ನಲ್ಲಿ ಎರಡಕ್ಕೂ ಒಂದೇ ‘ಮಿಶ್’. ಹಿಂದಿನ ಸದ್ದಿಗೆ ತಕ್ಕಂತೆ ಅದೇ ‘ಮುಶ್’ ಆಗಬಹುದು, ‘ದಿ’ ಕೂಡ ‘ದು’ ಅಥವಾ ‘ತಿ’ ಆಗಬಹುದು. ಇಂಗ್ಲಿಷಿನ ಕ್ರಿಯಾಪದದಲ್ಲಿ ಇಂಥ ಪ್ರತ್ಯಯವೇ ಇಲ್ಲ. ಹಾಗಾದರೆ ಅನುವಾದ ಮಾಡುವವರು ಈ ಗುರುತನ್ನು ಹೇಗಾದರೂ ಉಳಿಸಬೇಕೇ, ಇಲ್ಲ ಬಿಡಬಹುದೇ?

ಪರ: ಉಳಿಸಲೇಬೇಕು

ಒಬ್ಬ ಹೆಂಗಸು ಪಕ್ಕದ ಮನೆಯ ಕಳ್ಳತನದ ಬಗ್ಗೆ ಹೇಳುತ್ತಿದ್ದಾಳೆ ಅಂದುಕೊಳ್ಳಿ. ನಿನ್ನೆ ರಾತ್ರಿ ಪಕ್ಕದ ಮನೆಗೆ ಕಳ್ಳ ‘ಗಿರ್ಮಿಶ್’, ಅಂದರೆ ನುಗ್ಗಿದ. ಬಾಗಿಲು ‘ಕಿರ್ಮಿಶ್’, ಮುರಿದ. ಚಿನ್ನ ‘ಅಲ್ಮಿಶ್’, ತೆಗೆದುಕೊಂಡ. ಪೊಲೀಸರು ‘ಗೆಲ್ದಿ’, ಬಂದರು. ಕಳ್ಳ ಹಿಂದಿನ ಕಿಟಕಿಯಿಂದ ‘ಕಚ್ಮಿಶ್’, ಓಡಿಹೋದ.

ಐದು ಕ್ರಿಯಾಪದ. ನಾಲ್ಕಕ್ಕೆ ‘ಮಿಶ್’, ಒಂದಕ್ಕೆ ಮಾತ್ರ ‘ದಿ’. ಟರ್ಕಿಶ್ ಬಲ್ಲವರಿಗೆ ಇದನ್ನು ಕೇಳಿದ ಕೂಡಲೇ ಗೊತ್ತಾಗುತ್ತದೆ: ಈಕೆಗೆ ನೇರವಾಗಿ ಗೊತ್ತಿರುವುದು ಪೊಲೀಸರು ಬಂದದ್ದಷ್ಟೇ. ಈಗ ಇದನ್ನು ಇಂಗ್ಲಿಷಿನ ಸಾದಾ ಭೂತಕಾಲಕ್ಕೆ ತನ್ನಿ. ‘ಬ್ರೋಕ್ ಇನ್’, ‘ಟುಕ್’, ‘ಕೇಮ್’, ‘ಎಸ್ಕೇಪ್ಡ್’, ಎಲ್ಲವೂ ಒಂದೇ ಮಟ್ಟದಲ್ಲಿ ಸಾಲಾಗಿ ನಿಲ್ಲುತ್ತವೆ. ಓದಿದವರಿಗೆ ಈಕೆ ಕಳ್ಳತನವನ್ನೇ ಕಣ್ಣಾರೆ ನೋಡಿದಂತೆ ಕಾಣುತ್ತದೆ. ಒಂದು ಪದವೂ ತಪ್ಪಾಗಿಲ್ಲ, ಆದರೂ ಆಕೆ ಹೇಳದ ಮಾತು ಅವಳ ಬಾಯಿಗೆ ಬಂತು.

ಕೋರ್ಟಿನಲ್ಲಿ ಇದು ಸಣ್ಣ ವಿಷಯವಲ್ಲ. ಇಂಗ್ಲಿಷ್ ಕಾನೂನಿನ ದಾರಿಯಲ್ಲಿ ಬೆಳೆದ ಕೋರ್ಟುಗಳು ಕೇಳಿದ ಮಾತನ್ನು ಸಾಕ್ಷ್ಯವಾಗಿ ಸುಲಭಕ್ಕೆ ಒಪ್ಪುವುದಿಲ್ಲ. ನಮ್ಮ 1872ರ ಸಾಕ್ಷ್ಯ ಕಾಯ್ದೆಯ 60ನೇ ಕಲಮು ನೇರವಾಗಿ ಹೇಳುತ್ತಿತ್ತು: ಸಂಗತಿ ನೋಡಬಹುದಾದದ್ದಾಗಿದ್ದರೆ, ತಾನು ನೋಡಿದೆ ಎಂದು ಹೇಳುವ ಸಾಕ್ಷಿಯ ಮಾತೇ ಬೇಕು. ಈಗ ಆ ಕಾಯ್ದೆಯ ಜಾಗಕ್ಕೆ ಹೊಸದು ಬಂದಿದೆ, ನಿಯಮ ಮಾತ್ರ ಉಳಿದಿದೆ. ಅಂಥ ಕಡೆ ನಾಲ್ಕು ‘ಮಿಶ್’ ಕಳೆದುಹೋದರೆ ಕೇಳಿ ಹೇಳಿದವಳು ಕಂಡು ಹೇಳಿದವಳಾಗುತ್ತಾಳೆ. ಆಮೇಲೆ ಎದುರು ಪಕ್ಷದ ವಕೀಲರು ‘ನೀವು ಅಲ್ಲಿದ್ರಾ?’ ಅಂತ ಕೇಳಿದಾಗ ‘ಇಲ್ಲ’ ಅನ್ನುತ್ತಾಳೆ. ಹೇಳಿಕೆ ಬದಲಿಸಿದ ಸಾಕ್ಷಿ ಅಂತ ಹೆಸರು ಬರುವುದು ಅವಳಿಗೆ, ಅನುವಾದಕರಿಗಲ್ಲ!

ಇಂಗ್ಲಿಷಿನಲ್ಲಿ ಉಪಾಯವಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಬೆಳಿಗ್ಗೆ ಎದ್ದು ಒದ್ದೆ ರಸ್ತೆ ಕಂಡ ಟರ್ಕಿಶ್‌ನವರು ‘ಯಾಮುರ್ ಯಾಮಿಶ್’ ಅನ್ನುತ್ತಾರೆ, ಮಳೆ ಬಂದಿದೆ ಅಂತ. ಇಂಗ್ಲಿಷಿನವರೂ ಆಗ ‘ಇಟ್ ರೇನ್ಡ್’ ಅನ್ನುವುದಕ್ಕಿಂತ ‘ಇಟ್ಸ್ ಬೀನ್ ರೇನಿಂಗ್’ ಅನ್ನುವುದೇ ಜಾಸ್ತಿ. ಮುಗಿದ ಕೆಲಸದ ಉಳಿದ ಗುರುತನ್ನು ನೋಡಿ ಆಡುವ ಮಾತು ಅದು. ‘ಮಿಶ್’ ಕೂಡ ಹುಟ್ಟಿದ್ದು ಅಂಥ ರೂಪದಿಂದಲೇ. ಮೊದಲು ಮುಗಿದ ಕೆಲಸದ ಫಲವನ್ನು ಹೇಳುತ್ತಿತ್ತು, ಕಾಲಕ್ರಮದಲ್ಲಿ ‘ನಾನು ಫಲ ಮಾತ್ರ ಕಂಡೆ’ ಅನ್ನುವ ಅರ್ಥವೂ ಸೇರಿಕೊಂಡಿತು. ಇನ್ನು ಸೋಫಾದ ಮೇಲೆ ಕಣ್ಣು ಬಿಟ್ಟವನು ‘ಉಯುಮುಶುಮ್’ ಅನ್ನುತ್ತಾನೆ, ನನಗೆ ಗೊತ್ತಿಲ್ಲದೆ ನಿದ್ದೆ ಹೋಗಿದ್ದೆ ಅಂತ. ಇಂಗ್ಲಿಷಿನಲ್ಲಿ ‘ಐ ಮಸ್ಟ್ ಹ್ಯಾವ್ ಫಾಲನ್ ಅಸ್ಲೀಪ್’ ಅಂದರೆ ಮುಗಿಯಿತು. ಕೇಳಿದ ಸುದ್ದಿಗೆ ‘ಅಪ್ಯಾರೆಂಟ್ಲಿ’, ‘ಐ ಹಿಯರ್’ ಇವೆ.

ಪ್ರತಿ ಕ್ರಿಯಾಪದಕ್ಕೂ ಒಂದೊಂದು ಅಂಟಿಸಿ ಅಂತ ನಾನು ಹೇಳುತ್ತಿಲ್ಲ. ರೂಪ ಬದಲಾಗುವ ಕಡೆ ಹಾಕಿದರೆ ಸಾಕು. ಕಳ್ಳತನದ ಮಾತಿನಲ್ಲಿ ಮೊದಲ ವಾಕ್ಯಕ್ಕೆ ಒಂದು ‘ಅಪ್ಯಾರೆಂಟ್ಲಿ’. ಪೊಲೀಸರ ಹತ್ತಿರ ಬಂದಾಗ ‘ಐ ಸಾ ದ ಪೊಲೀಸ್ ಕಮ್’. ಕಿಟಕಿಯ ವಾಕ್ಯಕ್ಕೆ ಮತ್ತೊಮ್ಮೆ ‘ಅಪ್ಯಾರೆಂಟ್ಲಿ’. ಮೂರೇ ಗುರುತು, ಐದೂ ಕ್ರಿಯೆ ತಮ್ಮ ತಮ್ಮ ಜಾಗದಲ್ಲಿ ಕೂತವು.

ವಿರೋಧ: ಬಿಡುವುದೇ ಎಷ್ಟೋ ಸಲ ಸರಿ

ಮೇಲಿನ ಮೂರು ಗುರುತುಗಳಲ್ಲಿ ನಡುವಿನದನ್ನು ನೋಡಿ. ‘ಪೊಲೀಸ್ ಗೆಲ್ದಿ’ ಅಂತ ಹೆಂಗಸು ಹೇಳಿದಳು. ‘ನಾನು ನೋಡಿದೆ’ ಅಂತ ಎಲ್ಲಿ ಹೇಳಿದಳು? ಅದು ಅನುವಾದಕರೇ ಸೇರಿಸಿದ್ದು. ‘ದಿ’ ಅಂದರೆ ಕಣ್ಣಾರೆ ಕಂಡದ್ದು ಅಂತ ಭಾಷೆ ಕಲಿಸುವ ಪುಸ್ತಕಗಳು ಹೇಳುತ್ತವೆ, ಮೊದಲ ಪಾಠಕ್ಕೆ ಅದು ಸಾಕು ಕೂಡ. ಆದರೆ ಟರ್ಕಿ ಗಣರಾಜ್ಯವನ್ನು ಕಟ್ಟಿದ ಅತಾತುರ್ಕ್ 1881ರಲ್ಲಿ ಸೆಲಾನಿಕ್‌ನಲ್ಲಿ ‘ದೋದು’, ಹುಟ್ಟಿದ, ಅಂತ ಟರ್ಕಿಯ ಮಕ್ಕಳು ಓದುತ್ತಾರೆ. ಆ ಹೆರಿಗೆಯನ್ನು ಯಾವ ಮಗು ನೋಡಿದೆ? ಪತ್ರಿಕೆಗಳೂ ಸುದ್ದಿಯನ್ನು ‘ದಿ’ಯಲ್ಲೇ ಬರೆಯುತ್ತವೆ. ‘ದಿ’ ಹೇಳುವುದು ಇಷ್ಟೇ: ಇದು ನಡೆಯಿತು, ನನಗೆ ಇದು ಗೊತ್ತಿರುವ ಸಂಗತಿ. ಹೇಗೆ ಗೊತ್ತಾಯಿತು ಅನ್ನುವ ಬಗ್ಗೆ ಅದು ಬಾಯಿ ಬಿಡುವುದಿಲ್ಲ. ಹೆಚ್ಚಿನ ಸಲ ಕಂಡದ್ದೇ ಇರುತ್ತದೆ, ಆದರೆ ‘ಹೆಚ್ಚಿನ ಸಲ’ ಅನ್ನುವುದು ಸಾಕ್ಷ್ಯವಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ ಅಯ್ಹಾನ್ ಅಕ್ಸು-ಕೋಚ್ ಮತ್ತು ಡಾನ್ ಸ್ಲೋಬಿನ್ ಅನ್ನುವ ಇಬ್ಬರು ವಿದ್ವಾಂಸರು ಕೊಟ್ಟದ್ದು. ಅಮೆರಿಕದ ಅಧ್ಯಕ್ಷ ನಿಕ್ಸನ್ 1974ರಲ್ಲಿ ರಾಜೀನಾಮೆ ಕೊಟ್ಟರು. ಟರ್ಕಿಯ ಪ್ರಧಾನಿ ಎಜೆವಿತ್ ಕೂಡ ಒಮ್ಮೆ ರಾಜೀನಾಮೆ ಕೊಟ್ಟರು. ಎರಡೂ ಜನರಿಗೆ ತಲುಪಿದ್ದು ಸುದ್ದಿಯಾಗಿಯೇ. ಆದರೂ ನಿಕ್ಸನ್ ಬಗ್ಗೆ ‘ಇಸ್ತಿಫಾ ಎತ್ತಿ’ ಅನ್ನುವುದು ಸಹಜವಾಯಿತು, ಎಜೆವಿತ್ ಬಗ್ಗೆ ‘ಇಸ್ತಿಫಾ ಎತ್ಮಿಶ್’ ಅನ್ನುವುದು. ಕಾರಣ, ನಿಕ್ಸನ್ ಹೋಗುವುದು ಎಲ್ಲರಿಗೂ ಮೊದಲೇ ಕಾಣುತ್ತಿತ್ತು, ಮನಸ್ಸು ತಯಾರಾಗಿತ್ತು. ಎಜೆವಿತ್ ಸುದ್ದಿ ಥಟ್ಟನೆ ಬಂತು. ಅಂದರೆ ‘ಮಿಶ್’ ಸುದ್ದಿಯ ಮೂಲಕ್ಕಷ್ಟೇ ಅಂಟಿಕೊಂಡಿಲ್ಲ. ಆ ಸುದ್ದಿಗೆ ಮನಸ್ಸಿನಲ್ಲಿ ಮೊದಲೇ ಜಾಗ ಇತ್ತೇ ಅನ್ನುವುದನ್ನೂ ಅದು ತೋರಿಸುತ್ತದೆ. ಇದನ್ನು ‘ಅಪ್ಯಾರೆಂಟ್ಲಿ’ ಹೇಗೆ ಹೊರುತ್ತದೆ?

ಊಟಕ್ಕೆ ಕರೆದವರ ಮನೆಗೆ ಬನ್ನಿ. ಒಂದು ತುತ್ತು ಬಾಯಿಗಿಟ್ಟು ಅತಿಥಿ ‘ಯೆಮೆಕ್ ಚೋಕ್ ಗ್ಯುಝೆಲ್ ಓಲ್ಮುಶ್’ ಅನ್ನುತ್ತಾನೆ. ಅಡುಗೆ ತುಂಬಾ ಚೆನ್ನಾಗಿ ಆಗಿದೆ ಅಂತ. ಇಲ್ಲಿ ‘ಮುಶ್’ ಬಂದದ್ದು ಅನುಮಾನಕ್ಕಲ್ಲ, ಈಗ ತಾನೇ ತಿಳಿದ ಸಂತೋಷಕ್ಕೆ. ಅಡುಗೆ ಮಾಡಿದವಳ ಮುಂದೆ ಇಂಗ್ಲಿಷಿನಲ್ಲಿ ‘ಅಡುಗೆ ಅಪ್ಯಾರೆಂಟ್ಲಿ ಚೆನ್ನಾಗಿದೆ’ ಅಂದು ನೋಡಿ. ಮುಂದಿನ ಸಲ ಕರೆಯುವುದಿಲ್ಲ. ಸುಮ್ನೆ ‘ದಿಸ್ ಈಸ್ ಡೆಲಿಶಸ್’ ಅಂದರೆ ಸಾಕು.

ಉಳಿಸಬೇಕು ಅನ್ನುವವರು ಮರೆಯುವುದು ಇಲ್ಲೇ. ಟರ್ಕಿಶ್‌ನಲ್ಲಿ ‘ಮಿಶ್’ ಅನ್ನದೆ ವಿಧಿಯಿಲ್ಲ, ಹಾಗಾಗಿ ಯಾರೂ ಅದಕ್ಕೆ ಕಿವಿ ನಿಮಿರಿಸುವುದಿಲ್ಲ. ಇಂಗ್ಲಿಷಿನಲ್ಲಿ ‘ಅಪ್ಯಾರೆಂಟ್ಲಿ’ ಬೇಕಾದರೆ ಹಾಕುವ ಪದ. ಹಾಕಿದ ಕೂಡಲೇ ‘ಯಾಕೆ ಹಾಕಿದರು?’ ಅನ್ನುವ ಪ್ರಶ್ನೆ ಏಳುತ್ತದೆ, ಅನುಮಾನದ ವಾಸನೆ ಬರುತ್ತದೆ. ‘ಅಲೆಜಡ್ಲಿ’ ಅಂದರಂತೂ ವಕೀಲರೇ ಬಂದು ಕೂತ ಹಾಗೆ. ‘ಮಿಶ್’ಗೆ ತಾನಾಗಿ ಅಂಥ ಅಪನಂಬಿಕೆ ಇಲ್ಲ. ಅಪನಂಬಿಕೆ ತೋರಿಸಬೇಕೆಂದರೆ ಟರ್ಕಿಶ್‌ನವರು ಎರಡು ಸಲ ಹಾಕುತ್ತಾರೆ, ‘ಗೆಲ್ಮಿಶ್ಮಿಶ್’. ಬಂದನಂತೆ, ಮಹಾ ಬಂದ, ಅನ್ನುವ ಹಾಗೆ. ಭಾಷೆಗಳ ವ್ಯತ್ಯಾಸ ಇರುವುದು ಏನನ್ನು ಹೇಳಬಹುದು ಅನ್ನುವುದರಲ್ಲಿ ಅಲ್ಲ, ಏನನ್ನು ಹೇಳಲೇಬೇಕು ಅನ್ನುವುದರಲ್ಲಿ ಅಂತ ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್ 1959ರಲ್ಲೇ ಬರೆದಿದ್ದರು. ಹೇಳಲೇಬೇಕಾದದ್ದನ್ನು ಬೇಕೆಂದೇ ಹೇಳಿದ್ದಾಗಿ ಮಾಡುವುದು ಉಳಿಸುವುದಲ್ಲ, ಹಿಗ್ಗಿಸುವುದು.

ಬ್ರೆಜಿಲ್‌ನ ತರಿಯಾನ ಭಾಷೆಯಲ್ಲಿ ಕಂಡದ್ದು, ಕೇಳಿಸಿದ್ದು, ಗುರುತು ನೋಡಿ ಊಹಿಸಿದ್ದು, ಲೋಕಜ್ಞಾನದಿಂದ ಊಹಿಸಿದ್ದು, ಬೇರೆಯವರು ಹೇಳಿದ್ದು ಅಂತ ಐದು ರೂಪಗಳಿವೆ. ಅಲ್ಲಿನ ಒಂದು ಕಥೆಗೆ ಇದೇ ಉಪಾಯ ಮಾಡಿದರೆ ಇಂಗ್ಲಿಷ್ ಪುಟ ಪೊಲೀಸ್ ಪಂಚನಾಮೆಯಂತೆ ಓದಿಸಿಕೊಳ್ಳುತ್ತದೆ.

ಟರ್ಕಿಶ್ ಕಥೆಗಳೂ ಹಾಗೇ. ‘ಬಿರ್ ವಾರ್ಮಿಶ್ ಬಿರ್ ಯೋಕ್ಮುಶ್’, ಒಬ್ಬ ಇದ್ದನಂತೆ ಒಬ್ಬ ಇರಲಿಲ್ಲವಂತೆ ಅಂತ ಶುರುವಾದ ಮೇಲೆ ಕೊನೆಯವರೆಗೂ ‘ಮಿಶ್’ ಸುರಿಯುತ್ತದೆ. ಇಂಗ್ಲಿಷಿನಲ್ಲಿ ‘ಒನ್ಸ್ ಅಪಾನ್ ಎ ಟೈಮ್’ ಅಂದರೆ ಆ ಕೆಲಸ ಮುಗಿಯಿತು. ಮುಂದೆಲ್ಲಾ ಸಾದಾ ಭೂತಕಾಲ. ಓರ್ಹಾನ್ ಪಾಮುಕ್ ತಮ್ಮ ಇಸ್ತಾಂಬುಲ್ ನೆನಪುಗಳ ಪುಸ್ತಕದಲ್ಲಿ ಈ ರೂಪದ ಬಗ್ಗೆ ತಾವೇ ನಿಂತು ಹೇಳುತ್ತಾರೆ. ತೊಟ್ಟಿಲಿನ ದಿನಗಳು, ಮೊದಲ ಹೆಜ್ಜೆ ನಮ್ಮ ನೆನಪಲ್ಲ, ತಂದೆತಾಯಿ ಹೇಳಿದ್ದು, ಅದಕ್ಕೆ ಈ ಕಾಲರೂಪ ಹೊಂದುತ್ತದೆ ಅಂತ. ಇಂಗ್ಲಿಷ್ ಓದುಗರಿಗೆ ಅದು ಆ ಮಾತುಗಳಿಂದಲೇ ತಲುಪುತ್ತದೆ, ಒಂದೊಂದು ಕ್ರಿಯಾಪದಕ್ಕೂ ಬಾಲ ಕಟ್ಟಬೇಕಿಲ್ಲ.

ಇನ್ನೊಂದು ಗುಂಡಿ ಇದೆ. ‘ಮಿಶ್’ ಕಂಡಲ್ಲೆಲ್ಲಾ ಕೇಳಿದ ಮಾತು ಅಂದುಕೊಳ್ಳುವುದು. ‘ಪಿಶ್ಮಿಶ್ ಎತ್’ ಅಂದರೆ ಬೆಂದ ಮಾಂಸ, ಅಷ್ಟೇ. ‘ಗೆಲ್ಮಿಶ್ತಿ’ ಅಂದರೆ ಮೊದಲೇ ಬಂದಿದ್ದ. ‘ಯಾಪಿಲ್ಮಿಶ್ತಿರ್’ ಅಂತ ಸರ್ಕಾರಿ ಕಾಗದದಲ್ಲಿ ಬಂದರೆ ಮಾಡಲಾಗಿದೆ ಅಂತ ಗಟ್ಟಿಯಾಗಿ ಹೇಳಿದ್ದು. ಕೊನೆಗೆ ಸೇರಿದ ‘ತಿರ್’ ಇಡೀ ಅರ್ಥವನ್ನೇ ತಿರುಗಿಸುತ್ತದೆ. ಅಲ್ಲಿ ‘ಮಾಡಿದರಂತೆ’ ಅಂತ ಅನುವಾದಿಸಿದರೆ ಅಧಿಕಾರಿ ತನ್ನದೇ ಆದೇಶವನ್ನು ನಂಬದ ಹಾಗೆ ಆಗುತ್ತದೆ.

ಕೋರ್ಟಿನ ಮಾತು ಬೇರೆ, ಒಪ್ಪುತ್ತೇನೆ. ಅಲ್ಲಿ ನಾಲ್ಕು ‘ಮಿಶ್’ ಸುಮ್ಮನೆ ನುಂಗುವಂತಿಲ್ಲ. ಆದರೆ ಬಾಗಿಲು ಮುರಿದದ್ದನ್ನು ಆಕೆ ಯಾರಿಂದಲೋ ಕೇಳಿದಳೋ, ಬೆಳಿಗ್ಗೆ ಮುರಿದ ಬಾಗಿಲನ್ನೇ ನೋಡಿದಳೋ? ‘ಕಿರ್ಮಿಶ್’ ಎರಡಕ್ಕೂ ಸಲ್ಲುತ್ತದೆ. ಕೋರ್ಟಿಗೆ ಇವೆರಡೂ ಒಂದೇ ಅಲ್ಲ: ಮುರಿದ ಬಾಗಿಲು ಕಂಡದ್ದು ಅವಳ ಸ್ವಂತ ಸಾಕ್ಷ್ಯ, ಬೇರೆಯವರು ಹೇಳಿದ್ದು ಅಲ್ಲ. ‘ರಿಪೋರ್ಟೆಡ್ಲಿ’ ಅಂದರೆ ಒಂದನ್ನು ಅನುವಾದಕರೇ ತೀರ್ಮಾನಿಸಿದಂತೆ, ‘ಮಸ್ಟ್ ಹ್ಯಾವ್’ ಅಂದರೆ ಇನ್ನೊಂದನ್ನು. ಇಂಥ ಕಡೆ ದುಭಾಷಿ ಮಾಡಬೇಕಾದದ್ದು ಒಂದೇ: ಈ ರೂಪದಿಂದ ಆಕೆ ಸ್ವತಃ ನೋಡಿಲ್ಲ ಅಂತ ತಿಳಿಯುತ್ತದೆ, ಹೇಗೆ ಗೊತ್ತಾಯಿತು ಅನ್ನುವುದು ತಿಳಿಯುವುದಿಲ್ಲ ಅಂತ ನ್ಯಾಯಾಧೀಶರಿಗೆ ಹೇಳುವುದು. ‘ನಿಮಗೆ ಹೇಗೆ ಗೊತ್ತಾಯ್ತಮ್ಮಾ?’ ಅಂತ ಅವರೇ ಕೇಳಲಿ. ಪೊಲೀಸರು ಬಂದ ವಾಕ್ಯಕ್ಕೂ ಅದೇ ಪ್ರಶ್ನೆ ಕೇಳಬೇಕು.