ಒಬ್ಬರ ದೊಡ್ಡ ಸಂಬಳ ಸೇರಿದ ಮೇಲೆ ತಂಡದ ಲೆಕ್ಕ ಯಾವುದು: ಸರಾಸರಿಯೋ, ಮಧ್ಯಾಂಕವೋ?

ಏಳು ಜನರ ಒಂದು ತಂಡ ಇದೆ ಅಂದುಕೊಳ್ಳಿ. ತಿಂಗಳ ಸಂಬಳ ಸಾವಿರಗಳಲ್ಲಿ ಹೀಗಿದೆ: 38, 40, 42, 45, 48, 52, 57. ಎಲ್ಲ ಕೂಡಿದರೆ 322. ಏಳರಿಂದ ಭಾಗಿಸಿದರೆ ಸರಾಸರಿ 46. ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಸಂಬಳ 45. ಅದೇ ಮಧ್ಯಾಂಕ. ಎರಡೂ ಹತ್ತಿರ ಹತ್ತಿರ ಇವೆ, ಯಾವುದನ್ನು ಹೇಳಿದರೂ ನಡೆಯುತ್ತದೆ.

ಈಗ ಎಂಟನೆಯವರೊಬ್ಬರು ಸೇರುತ್ತಾರೆ. ಅವರ ಸಂಬಳ 206 ಸಾವಿರ. ಒಟ್ಟು 528 ಆಯಿತು, ಸರಾಸರಿ 66ಕ್ಕೆ ಹಾರಿತು. ಎಂಟು ಜನ ಆದದ್ದರಿಂದ ನಡುವೆ ಇಬ್ಬರು ಬರುತ್ತಾರೆ, 45 ಮತ್ತು 48. ಅವೆರಡರ ನಡುವಿನ ಸಂಖ್ಯೆ 46.5, ಇದು ಹೊಸ ಮಧ್ಯಾಂಕ.

ಈ ತಂಡದಲ್ಲಿ ಸಂಬಳ ಹೇಗಿದೆ ಎಂದು ಯಾರಾದರೂ ಕೇಳಿದರೆ, ಸರಾಸರಿಯನ್ನು ಬಿಟ್ಟು ಮಧ್ಯಾಂಕವನ್ನೇ ಹೇಳಬೇಕೇ?

ಪರ: ಹೌದು, ಮಧ್ಯಾಂಕವನ್ನೇ ಹೇಳಬೇಕು

ಮೊದಲು 66 ಅನ್ನುವ ಸಂಖ್ಯೆಯನ್ನೇ ನೋಡೋಣ. ಈ ತಂಡದಲ್ಲಿ 66 ಸಾವಿರ ತೆಗೆದುಕೊಳ್ಳುವವರು ಯಾರೂ ಇಲ್ಲ. ಅದರ ಹತ್ತಿರ ಇರುವವರೂ ಇಲ್ಲ. ಹಳಬರಲ್ಲಿ ಅತಿ ಜಾಸ್ತಿ ಸಂಬಳ 57. ಎಂಟರಲ್ಲಿ ಏಳು ಜನ ಸರಾಸರಿಗಿಂತ ಕೆಳಗಿದ್ದಾರೆ, ಒಬ್ಬರು ಮಾತ್ರ ಬಹಳ ಮೇಲಿದ್ದಾರೆ. "ಇಲ್ಲಿ ಸಂಬಳ ಸುಮಾರು 66" ಎಂಬ ಮಾತು ನಂಬಿ ಒಬ್ಬರು ಕೆಲಸಕ್ಕೆ ಅರ್ಜಿ ಹಾಕಿದರೆ, ಕೈಗೆ ಬರುವ ಪತ್ರದಲ್ಲಿ 45 ಇರುತ್ತದೆ. ಸಂಖ್ಯೆ ಸುಳ್ಳಲ್ಲ, ಆದರೆ ಕೇಳಿದವರಿಗೆ ಮೋಸ ಆಯಿತು.

ಒಳಗಿನವರಿಗೆ ಇನ್ನೂ ಕಷ್ಟ. ವರ್ಷದ ಸಭೆಯಲ್ಲಿ ಪರದೆಯ ಮೇಲೆ "ತಂಡದ ಸರಾಸರಿ ಸಂಬಳ ಶೇ. 43ರಷ್ಟು ಏರಿದೆ" ಎಂದು ತೋರಿಸುತ್ತಾರೆ. 42 ಸಾವಿರದವರು ತಮ್ಮ ಸಂಬಳದ ಚೀಟಿ ತೆಗೆದು ನೋಡುತ್ತಾರೆ. ಹೋದ ತಿಂಗಳೂ 42, ಈ ತಿಂಗಳೂ 42. ಪಕ್ಕದವರಿಗೂ ಅಷ್ಟೇ. ಏಳೂ ಜನರ ಚೀಟಿಯಲ್ಲಿ ಒಂದು ಅಂಕಿಯೂ ಬದಲಾಗಿಲ್ಲ. ಆ ಏರಿಕೆಯೆಲ್ಲ ಬಂದದ್ದು ಹೊಸ ಹೆಸರೊಂದು ಪಟ್ಟಿಗೆ ಸೇರಿದ್ದರಿಂದ.

ಹೀಗೆ ಯಾಕಾಗುತ್ತದೆ ಎಂದರೆ, ಹೊಸಬರ ಸಂಬಳ ಹಳೆಯ ಸರಾಸರಿಗಿಂತ ಎಷ್ಟು ದೂರ ಇದೆಯೋ ಅದನ್ನು ಈಗಿನ ತಲೆಗಳ ಸಂಖ್ಯೆಯಿಂದ ಭಾಗಿಸಿದಷ್ಟು ಸರಾಸರಿ ಸರಿಯುತ್ತದೆ. ಇಲ್ಲಿ ದೂರ 160, ತಲೆ ಎಂಟು. ಹಾಗಾಗಿ ಸರಾಸರಿ 20 ಮೇಲೆ ಹೋಯಿತು. ಇದೇ ವ್ಯಕ್ತಿ 200 ಜನರ ತಂಡಕ್ಕೆ ಸೇರಿದ್ದರೆ ಸರಾಸರಿ 0.8 ಮಾತ್ರ ಸರಿಯುತ್ತಿತ್ತು, ಯಾರೂ ಗಮನಿಸುತ್ತಿರಲಿಲ್ಲ. ಅಂದರೆ ಇದು ಸಣ್ಣ ತಂಡಕ್ಕೇ ಅಂಟಿದ ತೊಂದರೆ. ಮಧ್ಯಾಂಕಕ್ಕೆ ಹೊಸಬರ ಸಂಬಳ 206 ಆದರೂ ಒಂದೇ, 500 ಆದರೂ ಒಂದೇ. ಸಾಲಿನ ಮೇಲಿನ ತುದಿಯಲ್ಲಿ ಒಬ್ಬರು ನಿಂತರು ಎಂಬುದಷ್ಟೇ ಅದಕ್ಕೆ ಲೆಕ್ಕ.

ಮುಂದಿನ ವರ್ಷದ ಲೆಕ್ಕ ಇನ್ನೂ ಹದಗೆಡುತ್ತದೆ. ಏಳು ಜನರಿಗೂ ತಲಾ 3 ಸಾವಿರ ಏರಿಸಿದರು, ಅಷ್ಟರಲ್ಲಿ ದೊಡ್ಡ ಸಂಬಳದವರು ಬಿಟ್ಟು ಹೋದರು ಎಂದುಕೊಳ್ಳಿ. ಉಳಿದ ಏಳು ಜನರ ಒಟ್ಟು 343, ಸರಾಸರಿ 49. ಹಾಗಾದರೆ 66 ಇದ್ದದ್ದು 49ಕ್ಕೆ ಇಳಿಯಿತು! ಎಲ್ಲರಿಗೂ ಸಂಬಳ ಏರಿದ ವರ್ಷದಲ್ಲೇ ವರದಿ ಮಾತ್ರ ಸಂಬಳ ಕುಸಿಯಿತು ಎನ್ನುತ್ತದೆ. ಮಧ್ಯಾಂಕ 46.5ರಿಂದ 48ಕ್ಕೆ ಏರಿದೆ. ಪೂರ್ತಿ 3 ತೋರಿಸಲಿಲ್ಲ ನಿಜ, ಆದರೆ ದಿಕ್ಕಾದರೂ ಸರಿಯಾಗಿದೆ ಅಲ್ವಾ?

ಇನ್ನೊಂದು ಮಾತನ್ನು ಸಂಬಳದ ವಿಭಾಗದವರೂ ಎಷ್ಟೋ ಸಲ ಮರೆಯುತ್ತಾರೆ. ಸರಾಸರಿ ಗುಟ್ಟು ಬಿಟ್ಟುಕೊಡುತ್ತದೆ. ಹೊಸಬರು ಬರುವ ಮೊದಲು ಸರಾಸರಿ 46 ಅಂದಿದ್ದಿರಿ, ಬಂದ ಮೇಲೆ 66 ಅಂದಿರಿ. ಯಾರು ಬೇಕಾದರೂ ಕೂತು ಹೀಗೆ ಲೆಕ್ಕ ಹಾಕಬಹುದು:

```
8 × 66 − 7 × 46 = 528 − 322 = 206
```

ಹೊಸಬರ ಸಂಬಳ ಪೈಸೆ ಬಿಡದೆ ಹೊರಗೆ ಬಂತು. ಯಾರೂ ಕದ್ದು ನೋಡಲಿಲ್ಲ, ಯಾವ ಕಡತವೂ ಸೋರಲಿಲ್ಲ. ಎರಡು ಸಭೆಗಳಲ್ಲಿ ಹೇಳಿದ ಎರಡು ಸಂಖ್ಯೆ ಸಾಕಾಯಿತು. 45 ಮತ್ತು 46.5 ಎಂಬ ಎರಡು ಮಧ್ಯಾಂಕ ಕೊಟ್ಟರೆ ಇಂಥ ಲೆಕ್ಕದಿಂದ 206 ಸಿಗುವುದಿಲ್ಲ. ಹೊಸಬರು ನಡುವಿನ ಸಾಲಿಗಿಂತ ಮೇಲಿದ್ದಾರೆ ಎಂಬುದಷ್ಟೇ ತಿಳಿಯುತ್ತದೆ. ಅವರಿಗೆ ಆ ಮರ್ಯಾದೆ ಕೊಡುವುದು ನಮ್ಮ ಕರ್ತವ್ಯ ಎಂದೇ ನನ್ನ ಭಾವನೆ.

ವಿರೋಧ: ಇಲ್ಲ, ಮಧ್ಯಾಂಕವೊಂದೇ ಹೇಳಿದರೆ ಮುಖ್ಯ ಸುದ್ದಿಯೇ ಮರೆಯಾಗುತ್ತದೆ

66 ಯಾರ ಸಂಬಳವೂ ಅಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಸರಾಸರಿ ಯಾರೋ ಒಬ್ಬರ ಸಂಬಳ ಹೇಳುತ್ತೇನೆ ಎಂದು ಯಾವತ್ತೂ ಮಾತು ಕೊಟ್ಟಿಲ್ಲ. ಅದು ಹೇಳುವುದು ಹಣದ ಮಾತು. 66ನ್ನು ಎಂಟರಿಂದ ಗುಣಿಸಿದರೆ 528, ತಿಂಗಳಿಗೆ ಖರ್ಚಾಗುವ ಹಣ ಅಷ್ಟೇ ಸರಿಯಾಗಿ ಬರುತ್ತದೆ. 46.5ನ್ನು ಎಂಟರಿಂದ ಗುಣಿಸಿದರೆ 372. ಉಳಿದ 156 ಸಾವಿರ ಎಲ್ಲಿ ಹೋಯಿತು? ಮಧ್ಯಾಂಕಕ್ಕೆ ಗೊತ್ತಿಲ್ಲ.

ಹೊಸಬರು ಬಂದ ಮೇಲೆ ತಂಡದಲ್ಲಿ ನಡೆದ ದೊಡ್ಡ ಬದಲಾವಣೆ ಏನು? ಒಟ್ಟು ಸಂಬಳದ ಶೇ. 39 ಭಾಗ ಒಬ್ಬರಿಗೆ ಹೋಗುತ್ತಿದೆ. ಹಳೆಯ ಏಳು ಜನರಿಗೆ "ಈ ವರ್ಷ ಏರಿಸಲು ಹಣ ಇಲ್ಲ" ಎಂದಾಗ ಅವರು ತಿಳಿಯಬೇಕಾದದ್ದು ಇದೇ ತಾನೇ? ಅಂಥ ಹೊತ್ತಿನಲ್ಲಿ "ಮಧ್ಯಾಂಕ ಒಂದೂವರೆ ಸಾವಿರ ಏರಿದೆ, ಹೆಚ್ಚೇನೂ ಬದಲಾಗಿಲ್ಲ" ಎನ್ನುವುದು ನನಗೆ ಸರಿ ಕಾಣುವುದಿಲ್ಲ. ದೊಡ್ಡ ಸಂಬಳಕ್ಕೆ ಕದಲದಿರುವುದು ಮಧ್ಯಾಂಕದ ಗುಣ ಎಂದು ಹೊಗಳುತ್ತಾರೆ. ಆ ಗುಣವೇ ಇಲ್ಲಿ ಕಣ್ಣು ಮುಚ್ಚುತ್ತದೆ.

ಮೇಲಿನ ತುದಿಗೆ ಮಾತ್ರ ಅಲ್ಲ, ಕೆಳಗಿನ ತುದಿಗೂ ಅದು ಕುರುಡು. 38 ಸಾವಿರದವರ ಸಂಬಳವನ್ನು 30ಕ್ಕೆ ಇಳಿಸಿ ನೋಡಿ, ಮಧ್ಯಾಂಕ 46.5 ಆಗಿಯೇ ಇರುತ್ತದೆ. ಕೆಳಗಿನ ಮೂವರಿಗೆ ತಲಾ 2 ಸಾವಿರ ಏರಿಸಿದರೂ ಅದು ಕದಲುವುದಿಲ್ಲ. ಆದರೆ ನಡುವಿನ ಇಬ್ಬರಿಗೆ ಮಾತ್ರ ಏರಿಸಿ, 45 ಮತ್ತು 48 ಎರಡನ್ನೂ 50 ಮಾಡಿ. ಖರ್ಚು ಬರೀ 7 ಸಾವಿರ, ಮಧ್ಯಾಂಕ 50ಕ್ಕೆ ಏರುತ್ತದೆ. ಉಳಿದ ಆರು ಜನರಿಗೆ ಏನೂ ಸಿಕ್ಕಿಲ್ಲ, ವರದಿ ಮಾತ್ರ ಚೆಂದ ಕಾಣುತ್ತದೆ. ಮಧ್ಯಾಂಕವೊಂದರಿಂದಲೇ ಅಳೆಸಿಕೊಳ್ಳುವ ಮುಖ್ಯಸ್ಥರಿಗೆ ಈ ದಾರಿ ಕಾಣಲು ತಡವಾಗುವುದಿಲ್ಲ.

ಮಧ್ಯಾಂಕ ಗಟ್ಟಿಯಾಗಿ ನಿಲ್ಲುತ್ತದೆ ಎಂಬ ಮಾತೂ ಸಣ್ಣ ತಂಡದಲ್ಲಿ ಅರ್ಧ ಸತ್ಯ. ಮೇಲಿನ ಉದಾಹರಣೆಯಲ್ಲಿ ಸಂಬಳಗಳು ಮೆಟ್ಟಿಲಂತೆ ಒಂದರ ಪಕ್ಕ ಒಂದಿವೆ, ಅದಕ್ಕೇ ಮಧ್ಯಾಂಕ ಸ್ವಲ್ಪವೇ ಸರಿಯಿತು. ಎಷ್ಟೋ ತಂಡಗಳು ಹಾಗಿರುವುದಿಲ್ಲ. ಹೊಸದಾಗಿ ಸೇರಿದ ನಾಲ್ವರು, ಅನುಭವ ಇರುವ ಮೂವರು, ನಡುವೆ ಯಾರೂ ಇಲ್ಲ: 30, 31, 32, 33, ಆಮೇಲೆ 60, 62, 64. ಇಲ್ಲಿ ಮಧ್ಯಾಂಕ 33. ಅದೇ 206ರವರು ಈ ತಂಡಕ್ಕೆ ಬಂದರೆ ನಡುವಿನ ಇಬ್ಬರು 33 ಮತ್ತು 60 ಆಗುತ್ತಾರೆ. ಮಧ್ಯಾಂಕ ಮತ್ತೆ 46.5! ಒಂದೇ ಏಟಿಗೆ 13.5 ಹಾರಿತು, ಅದೂ ಯಾರ ಹತ್ತಿರವೂ ಇಲ್ಲದ ಸಂಖ್ಯೆಗೆ. ಮುಂದಿನ ತಿಂಗಳು 34 ಸಾವಿರಕ್ಕೆ ಇನ್ನೊಬ್ಬರು ಸೇರಿದರೆ ಅದು ದಬಕ್ಕನೆ 34ಕ್ಕೆ ಬೀಳುತ್ತದೆ. ಸರಾಸರಿ ಯಾರಿಗೂ ಹೊಂದುವುದಿಲ್ಲ ಎಂದು ದೂರಿದವರು ಇದಕ್ಕೇನು ಹೇಳುತ್ತಾರೆ?

ನಿಮ್ಮ ತಂಡ ಎರಡರಲ್ಲಿ ಯಾವ ಬಗೆಯದು ಎಂದು ತಿಳಿಯುವುದು ಸುಲಭ. ಸಂಬಳಗಳನ್ನು ಸಾಲಾಗಿ ಬರೆದು ನಡುವಿನ ಎರಡು ಮೂರು ಸಂಖ್ಯೆಗಳ ಅಂತರ ನೋಡಿದರೆ ಸಾಕು. ಸ್ಪ್ರೆಡ್‌ಶೀಟ್‌ನಲ್ಲಿ ಸುಮ್ನೆ `=MEDIAN(B2:B9)` ಎಂದು ಹಾಕಿ ಬಂದ ಉತ್ತರ ಓದಿದರೆ ಅದು ಕಾಣುವುದಿಲ್ಲ. (ಇಲ್ಲೊಂದು ಕೈತಪ್ಪು ಆಗಾಗ ಆಗುತ್ತದೆ. ಹೊಸಬರ ಸಾಲನ್ನು ಕೊನೆಗೆ ಸೇರಿಸಿದಾಗ ಸೂತ್ರ B8ಕ್ಕೇ ನಿಂತಿರಬಹುದು. ಸೇರುವಾಗ ಒಂದೇ ಸಲ ಕೊಟ್ಟ ಬೋನಸ್ ತಿಂಗಳ ಸಂಬಳದೊಳಗೆ ನುಸುಳಿದೆಯಾ ಎಂದೂ ನೋಡಬೇಕು.)

ಗುಟ್ಟಿನ ಮಾತಿಗೆ ಬರೋಣ. ಸರಾಸರಿಯಿಂದ 206 ಸೋರುತ್ತದೆ ಎಂಬುದು ಸರಿಯಾದ ಎಚ್ಚರಿಕೆ. ಆದರೆ ಮಧ್ಯಾಂಕವೂ ಸೋರುತ್ತದೆ, ಸೋರುವುದು ಬೇರೆಯವರ ಸಂಬಳ, ಅಷ್ಟೇ. ಏಳು ಜನ ಇದ್ದಾಗ ಮಧ್ಯಾಂಕ 45 ಎಂದಿರಿ. ಅದು ಒಬ್ಬರ ನಿಜವಾದ ಸಂಬಳ, ಪೂರ್ತಿ ಹೊರಗೆ ಬಂತು. ಎಂಟು ಜನ ಆದ ಮೇಲೆ 46.5 ಎಂದಿರಿ. 45ರವರು ತಮ್ಮ ಸಂಬಳ ಬಲ್ಲವರು, 46.5ನ್ನು ಎರಡು ಪಟ್ಟು ಮಾಡಿ 45 ಕಳೆಯುತ್ತಾರೆ, ತಮಗಿಂತ ಒಂದು ಮೆಟ್ಟಿಲು ಮೇಲಿರುವವರಿಗೆ 48 ಎಂದು ಗೊತ್ತಾಗುತ್ತದೆ. ಹೊಸಬರ ಮರ್ಯಾದೆ ಉಳಿಸಲು ಹೋಗಿ ನಡುವಿನವರ ಮರ್ಯಾದೆ ಕಳೆದಂತಾಯಿತು. ಎಂಟು ಜನರ ಗುಂಪಿನಲ್ಲಿ ಯಾವ ಒಂದು ಸಂಖ್ಯೆ ಕೊಟ್ಟರೂ ಯಾರದೋ ಸಂಬಳ ಅದರ ಹಿಂದೆ ಕಾಣುತ್ತದೆ.

ದೊಡ್ಡ ಸಂಸ್ಥೆಗಳ ವಿಷಯದಲ್ಲೂ ಒಂದೇ ಸಂಖ್ಯೆ ಸಾಲದು ಎಂದು ಕಂಡುಕೊಂಡವರಿದ್ದಾರೆ. ಬ್ರಿಟನ್‌ನಲ್ಲಿ 2017ರಿಂದ 250 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಸಂಸ್ಥೆಗಳು ಗಂಡಸರ ಮತ್ತು ಹೆಂಗಸರ ವೇತನದ ಅಂತರವನ್ನು ಪ್ರಕಟಿಸಬೇಕು. ಅದನ್ನು ಸರಾಸರಿಯಲ್ಲೂ ಹೇಳಬೇಕು, ಮಧ್ಯಾಂಕದಲ್ಲೂ ಹೇಳಬೇಕು. ಎರಡರ ನಡುವೆ ದೊಡ್ಡ ಅಂತರ ಕಂಡರೆ ಕೆಲವರ ಸಂಬಳ ತುದಿಯಲ್ಲಿ ದೂರ ಹೋಗಿದೆ ಎಂದು ಓದುವವರಿಗೆ ತಿಳಿಯುತ್ತದೆ. ನಮ್ಮ ಎಂಟು ಜನರ ತಂಡದಲ್ಲೂ 66 ಮತ್ತು 46.5 ಪಕ್ಕ ಪಕ್ಕ ಇದ್ದರೆ ಮಾತ್ರ ಆ ಸುಳಿವು ಸಿಗುತ್ತದೆ.

ಹಾಗಾಗಿ ತಂಡದ ಹಣ ನೋಡಿಕೊಳ್ಳುವವರ ಮುಂದೆ ಒಟ್ಟು, ತಲೆಗಳ ಸಂಖ್ಯೆ, ಸರಾಸರಿ, ಮಧ್ಯಾಂಕ ಎಲ್ಲವೂ ಇರಲಿ. ಜತೆಗೆ ಹೋದ ವರ್ಷವೂ ಇದ್ದು ಈ ವರ್ಷವೂ ಇರುವ ಏಳು ಜನರ ಸರಾಸರಿ ಬೇರೆಯಾಗಿ ಇರಲಿ. ಆಗಲೂ 46, ಈಗಲೂ 46. ಸಂಬಳ ಏರಿತೇ ಎಂಬ ಪ್ರಶ್ನೆಗೆ ನೇರ ಉತ್ತರ ಅದು. ಹೊರಗಿನವರು ಕೇಳಿದರೆ ಇವು ಯಾವುದನ್ನೂ ಹೇಳಬೇಕಿಲ್ಲ. ಅವರು ಸೇರಲಿರುವ ಕೆಲಸಕ್ಕೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂದು ಹೇಳಿದರೆ ಸಾಕು.