ಇಪ್ಪತ್ತು ಮಕ್ಕಳು ಇನ್ನೂರಾದ ಬಗೆ

ಮುಂಬಯಿಯ ಯಾವುದೋ ಉಪನಗರದಲ್ಲಿ ಒಂದು ಕನ್ನಡ ಸಂಘವಿದೆ ಎಂದು ಇಟ್ಟುಕೊಳ್ಳೋಣ; ಹೆಸರು ಬೇಡ, ಹೇಳಿದರೆ ಉಳಿದ ಸಂಘಗಳು ತಮ್ಮನ್ನು ಬಿಟ್ಟರೆಂದು ಮುನಿಸಿಕೊಂಡಾವು. ಭಾನುವಾರದ ಕನ್ನಡ ತರಗತಿಯಿಂದ ಮಕ್ಕಳ ಭಾಷೆಯಲ್ಲಿ ‘ಕ್ರಾಂತಿಕಾರಿ ಸುಧಾರಣೆ’ಯಾಗಿದೆ ಎಂದು ಸಾರುವ ವರದಿಯೊಂದನ್ನು ಈ ಸಂಘ ಸಿದ್ಧಪಡಿಸಿ, ಮಹಾಸಭೆಗೆ ಮುನ್ನ ಅಂಕಿಅಂಶಗಳ ಮೇಲೆ ‘ಸುಮ್ಮನೆ ಒಮ್ಮೆ ಕಣ್ಣಾಡಿಸಲು’ ನನ್ನ ಕೈಗೆ ಕೊಟ್ಟಿತು.

ಮುಖಪುಟದಲ್ಲೇ ಕೆಂಪು ಹಳದಿಯ ಎರಡು ಸ್ತಂಭಗಳಿದ್ದವು. ತರಗತಿಗೆ ಮುಂಚಿನದು ಮೊಣಕಾಲೆತ್ತರ, ನಂತರದ್ದು ಅದರ ಮೂರು ಪಟ್ಟು. ಕೆಳಗೆ ಸಾಸಿವೆಯಷ್ಟು ಅಕ್ಷರಗಳಲ್ಲಿ ಮುದ್ರಿಸಿದ್ದನ್ನು ಓದಿದರೆ, ನೂರಕ್ಕೆ 52 ಇದ್ದ ಸರಾಸರಿ ಅಂಕ 54 ಆಗಿತ್ತು. ಲಂಬ ಅಕ್ಷವನ್ನು ಸೊನ್ನೆಯಿಂದಲ್ಲ, 51ರಿಂದ ಆರಂಭಿಸಿದ್ದರಿಂದ ಒಂದು ಸ್ತಂಭದ ಎತ್ತರ 1, ಇನ್ನೊಂದರದ್ದು 3. ಶೇಕಡಾ 4ಕ್ಕೂ ಕಡಿಮೆಯಿದ್ದ ಏರಿಕೆ ಕಣ್ಣಿಗೆ ಶೇಕಡಾ 200 ಆಗಿ ಕಂಡಿತು. ಗೆರೆಯ ನಕ್ಷೆಯಾಗಿದ್ದರೆ ಅಕ್ಷವನ್ನು ನಡುವಿನಿಂದ ಆರಂಭಿಸುವುದು ಕೆಲವೊಮ್ಮೆ ಸಮ್ಮತವೇ. ಸ್ತಂಭದಲ್ಲಿ ಮಾತ್ರ ಓದುಗ ಅಳೆಯುವುದು ಅದರ ಉದ್ದವನ್ನು, ಆದ್ದರಿಂದ ಬುಡ ಕತ್ತರಿಸಿದ ಸ್ತಂಭ ಸುಳ್ಳು ಹೇಳದೆ ಇರಲಾರದು. ಇದನ್ನು ಅರಿಕೆ ಮಾಡಿಕೊಂಡಾಗ ಕಾರ್ಯದರ್ಶಿಗಳು, ‘ಸೊನ್ನೆಯಿಂದ ಹಾಕಿದರೆ ಎರಡೂ ಒಂದೇ ರೀತಿ ಕಾಣುತ್ತವೆ ಮಾರಾಯ್ರೆ, ಮತ್ತೆ ಚಿತ್ರ ಯಾಕೆ?’ ಎಂದು ಕೇಳಿದರು. ಇಡೀ ವರದಿಯಲ್ಲಿ ಇಷ್ಟು ನಿಖರವಾದ ಮಾತು ಮತ್ತೊಂದಿರಲಿಲ್ಲ.

ಸಂಖ್ಯಾಶಾಸ್ತ್ರದ ಅಸಲಿ ಪವಾಡ ಇದ್ದದ್ದು ಒಳಗಿನ ಕೋಷ್ಟಕದಲ್ಲಿ. ತರಗತಿಯಲ್ಲಿದ್ದ ಮಕ್ಕಳು 20. ಕಾರ್ಯಕಾರಿ ಸಮಿತಿಯ ಹತ್ತು ಸದಸ್ಯರಲ್ಲಿ ಯಾರನ್ನೂ ಬಿಡುವಂತಿರಲಿಲ್ಲವಾದ್ದರಿಂದ ಹತ್ತೂ ಮಂದಿ ಪರೀಕ್ಷಕರಾಗಿ, ಪ್ರತಿಯೊಂದು ಮಗುವಿಗೂ ಮೊದಲೊಮ್ಮೆ, ಕೊನೆಗೊಮ್ಮೆ ಅಂಕ ಕೊಟ್ಟಿದ್ದರು. ಪಕ್ಕದವರ ಹಾಳೆಯನ್ನು ನೋಡಿ ಬರೆದದ್ದರಿಂದ ಅಂಕಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು. ಹೀಗೆ ಬಂದ 200 ವ್ಯತ್ಯಾಸಗಳನ್ನು ವರದಿಯು 200 ಬೇರೆ ಬೇರೆ ಮಕ್ಕಳದ್ದೆಂಬಂತೆ, ಏರಿಕೆ ಬರೀ ಆಕಸ್ಮಿಕವೇ ಎಂದು ತೂಗಿನೋಡುವ ಟಿ-ಪರೀಕ್ಷೆಗೆ ಒಡ್ಡಿತ್ತು. ಸರಾಸರಿ ಏರಿಕೆ 2, ವ್ಯತ್ಯಾಸಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂದು ಹೇಳುವ ಮಾನಕ ವಿಚಲನೆ 8. 2 ÷ (8/√200) ಎಂದರೆ ಸುಮಾರು 3.5, ಪಿ-ಮೌಲ್ಯ, ಅಂದರೆ ತರಗತಿಯಿಂದ ಏನೂ ಆಗದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಕಾಣಿಸುವ ಸಂಭವ, 0.001ಕ್ಕಿಂತಲೂ ಕಡಿಮೆ. ‘ಇದು ಆಕಸ್ಮಿಕವಾಗಿರಲು ಸಾಧ್ಯವೇ ಇಲ್ಲ’ ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿತ್ತು. ಒಂದೇ ಮಗುವಿನ ಬಗ್ಗೆ ಹತ್ತು ಜನ ಒಂದೇ ಮಾತು ಹೇಳಿದರೆ ಮಕ್ಕಳು ಹತ್ತಾಗುವುದಿಲ್ಲ. ಒಂದೊಂದು ಮಗುವಿಗೆ ಒಂದೊಂದೇ ವ್ಯತ್ಯಾಸ ಇಟ್ಟು 2 ÷ (8/√20) ಮಾಡಿದರೆ ಸಿಗುವುದು 1.1, ಪಿ-ಮೌಲ್ಯ ಸುಮಾರು 0.28. ಅಂದರೆ ತರಗತಿಯಿಂದ ಏನೂ ಆಗದಿದ್ದರೂ ಇಷ್ಟು ಏರುಪೇರು ಸಲೀಸಾಗಿ ಕಾಣಿಸಿಕೊಳ್ಳಬಹುದಿತ್ತು. ನಿಜವಾದ ಪರಿಣಾಮ ಎಲ್ಲಿಂದ ಎಲ್ಲಿಯವರೆಗೆ ಇರಬಹುದೆಂದು ಅಂದಾಜಿಸುವ ಶೇಕಡಾ 95ರ ವಿಶ್ವಾಸಾಂತರ ಸುಮಾರು ಎರಡು ಅಂಕಗಳ ಇಳಿಕೆಯಿಂದ ಆರು ಅಂಕಗಳ ಏರಿಕೆಯವರೆಗೆ ಹಬ್ಬಿತ್ತು. ತರಗತಿ ವ್ಯರ್ಥವೆಂದೂ ಇದರಿಂದ ಸಾಬೀತಾಗುವುದಿಲ್ಲ. ಆ ಮಾತನ್ನು ನಾನು ಎರಡು ಸಲ ಒತ್ತಿ ಹೇಳಿದೆ, ಯಾರೂ ಕೇಳಿಸಿಕೊಳ್ಳಲಿಲ್ಲ. ಎರಡು ಪರೀಕ್ಷಕರನ್ನು ಹೆಚ್ಚಿಸಿದರೆ ಪಿ-ಮೌಲ್ಯ ಇನ್ನಷ್ಟು ಇಳಿದೀತೇ ಎಂದು ಖಜಾಂಚಿಗಳು ವಿಚಾರಿಸಿದರು. ಅವರ ಲೆಕ್ಕದ ಪ್ರಕಾರ ಖಂಡಿತ ಇಳಿಯುತ್ತಿತ್ತು.

ಇನ್ನು ಆ ಎರಡು ಅಂಕಗಳಾದರೂ ತರಗತಿಯ ಕೃಪೆಯೇ? ಮೊದಲ ಪರೀಕ್ಷೆಯಲ್ಲಿ ಅತಿ ಕಡಿಮೆ ಅಂಕ ಪಡೆದ 40 ಮಕ್ಕಳನ್ನು ಆರಿಸಿಕೊಂಡಿದ್ದರು. ಆ ಭಾನುವಾರ ರೈಲು ಮಾರ್ಗದಲ್ಲಿ ದುರಸ್ತಿಗಾಗಿ ಸಂಚಾರ ಕಡಿತಗೊಳಿಸುವ ಮೆಗಾಬ್ಲಾಕ್ ಇತ್ತು. ಕಿಕ್ಕಿರಿದ ಗಾಡಿಯಲ್ಲಿ ಬೆವರಿ ತಡವಾಗಿ ಬಂದ ಜಾಣ ಮಕ್ಕಳೂ ಈ ನಲವತ್ತರಲ್ಲಿ ಸೇರಿಕೊಂಡಿದ್ದರು. ಅಂಥವರು ಮುಂದಿನ ಪರೀಕ್ಷೆಯಲ್ಲಿ ಯಾರೂ ಏನೂ ಕಲಿಸದಿದ್ದರೂ ತಮ್ಮ ಎಂದಿನ ಮಟ್ಟಕ್ಕೆ ಮರಳುತ್ತಾರೆ. ತಂದೆತಾಯಿ ಮತ್ತು ಮಕ್ಕಳ ಎತ್ತರವನ್ನು ಅಳೆದ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ ಬರೆದಿಟ್ಟ ‘ಸರಾಸರಿಯತ್ತ ಹಿನ್ನಡೆ’ ಎಂದರೆ ಇದೇ. ಇದನ್ನು ಪತ್ತೆಹಚ್ಚಲು ತರಗತಿಗೆ ಬಾರದ ಸಮಾನ ಮಕ್ಕಳ ಗುಂಪೊಂದು ಬೇಕು. ಸಂಘದ ಸಭಾಂಗಣದಲ್ಲಿ ಕುರ್ಚಿಗಳು ಇಪ್ಪತ್ತೇ ಇದ್ದದ್ದರಿಂದ, ಉಳಿದ 20 ಮಕ್ಕಳು ಕಾಯುವ ಪಟ್ಟಿಯಲ್ಲಿದ್ದರು; ಅವರಿಗೂ ಎರಡನೆಯ ಪರೀಕ್ಷೆ ನಡೆದಿತ್ತು. ಅನುಬಂಧ 3ರಲ್ಲಿ, 47ನೆಯ ಪುಟದಲ್ಲಿ, ಅವರ ಸರಾಸರಿಯೂ ಇತ್ತು: ಮೊದಲು 52, ನಂತರ 54.

ಇದನ್ನು ತೋರಿಸಿದಾಗ ಸಭೆಯಲ್ಲಿ ಸ್ವಲ್ಪ ಹೊತ್ತು ಚಹಾ ಹೀರುವ ಸದ್ದು ಮಾತ್ರ ಕೇಳಿಸಿತು. ಬಳಿಕ ಅಧ್ಯಕ್ಷರು, ತರಗತಿಯ ಪ್ರಭಾವವು ಪ್ರವೇಶ ಸಿಗದವರನ್ನೂ ತಲುಪಿರುವುದು ಸಂಘದ ಚರಿತ್ರೆಯಲ್ಲೇ ಅಪೂರ್ವವೆಂದು ಬಣ್ಣಿಸಿ, ಫಲಾನುಭವಿಗಳ ಸಂಖ್ಯೆಯನ್ನು 200ರಿಂದ 400ಕ್ಕೆ ತಿದ್ದುವಂತೆ ಸೂಚಿಸಿದರು. ನನ್ನ ಆಕ್ಷೇಪಗಳಿಗೂ ಮನ್ನಣೆ ಸಿಗದೆ ಇರಲಿಲ್ಲ. ಮಹಾಸಭೆಯಲ್ಲಿ ಹಂಚಿದ ಪ್ರತಿಯಲ್ಲಿ 46ನೆಯ ಪುಟದ ನಂತರ ನೇರವಾಗಿ 48 ಬರುತ್ತದೆ, ಮತ್ತು ‘ಅಂಕಿಅಂಶಗಳನ್ನು ತಜ್ಞರು ಪರಿಶೀಲಿಸಿದ್ದಾರೆ’ ಎಂಬ ಸಾಲು ಹೊಸದಾಗಿ ಸೇರಿದೆ.